ನಮ್ಮ ನೋಟ್ಸ್‌ನಲ್ಲಿ 302 ಎಂದು ಬರೆಯುವ ಮುನ್ನ

ಸಂಜೆ ಕಾನೂನು ತರಗತಿಯ ಸಹಪಾಠಿಗಳೇ,

ಕ್ರಿಮಿನಲ್ ಕಾನೂನಿನ ಪರೀಕ್ಷೆಗಾಗಿ ನಾವೆಲ್ಲ ಸೇರಿ ಬರೆಯುತ್ತಿರುವ ಕಾಮನ್ ನೋಟ್ಸ್‌ನ ಲಿಂಕನ್ನು ಗ್ರೂಪಿಗೆ ಮತ್ತೊಮ್ಮೆ ಹಾಕಿದ್ದೇನೆ. ಲಿಂಕ್ ಇದ್ದವರೆಲ್ಲ ಅದನ್ನು ಓದಬಹುದು. ಬರೆಯಬೇಕೆನ್ನುವವರು ನನಗೊಂದು ಮಾತು ತಿಳಿಸಿದರೆ ಅವರ ಹೆಸರು ಸೇರಿಸುತ್ತೇನೆ. ಇಷ್ಟನ್ನು ಹೇಳಲು ಎರಡು ಸಾಲಿನ ಮೆಸೇಜ್ ಸಾಕಿತ್ತು. ಇಷ್ಟುದ್ದದ ಪತ್ರ ಬರೆಯಲು ಕಾರಣ ಆ ನೋಟ್ಸ್‌ನ ಕೊಲೆಯ ಅಧ್ಯಾಯ. ಬೈಯುವ ಉದ್ದೇಶ ನನಗಿಲ್ಲ. ನಮ್ಮಲ್ಲಿ ಕೋರ್ಟಿನ ಕೆಲಸ ಮುಗಿಸಿ ಓಡಿ ಬರುವವರಿದ್ದಾರೆ, ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಬರುವ ಅಕ್ಕಂದಿರಿದ್ದಾರೆ, ನಿವೃತ್ತಿಯ ನಂತರ ಮೊದಲ ಸಲ ಪರೀಕ್ಷೆಗೆ ಕೂರುವ ಹಿರಿಯರಿದ್ದಾರೆ. ಯಾರೂ ಬೇಜವಾಬ್ದಾರಿಯಿಂದ ಬರೆದಿಲ್ಲ. ಆದರೂ ಆ ಪುಟ ಹಾಳಾಗಿದೆ. ಹೇಗೆ ಹಾಳಾಯಿತು ಎಂದು ತಿಳಿದುಕೊಂಡರೆ ಮುಂದಿನ ಪುಟಗಳನ್ನು ಉಳಿಸಿಕೊಳ್ಳಬಹುದು.

ಪುಟದಲ್ಲಿ ಮೂರು ಸಾಲುಗಳಿವೆ. ‘ಕೊಲೆ 300, ಶಿಕ್ಷೆ 302’ ಎಂದು ಒಬ್ಬರು ಬರೆದಿದ್ದಾರೆ. ಅದರ ಕೆಳಗೆ ಇನ್ನೊಬ್ಬರು ‘ಕೊಲೆ 101, ಶಿಕ್ಷೆ 103’ ಎಂದಿದ್ದಾರೆ. ಮೂರನೆಯವರು ಪುಟದ ತುದಿಗೆ ‘302: ಧಾರ್ಮಿಕ ಭಾವನೆಗೆ ನೋವುಂಟು ಮಾಡುವ ಮಾತು’ ಎಂದು ಸೇರಿಸಿದ್ದಾರೆ. ಮೂವರು ಬರೆದಿದ್ದೂ ಸರಿ. ಮೊದಲಿನವರು 1860ರ ಭಾರತೀಯ ದಂಡ ಸಂಹಿತೆಯನ್ನು, ಅಂದರೆ ಐಪಿಸಿಯನ್ನು ನೋಡಿ ಬರೆದರು. ಉಳಿದಿಬ್ಬರು 2023ರ ಭಾರತೀಯ ನ್ಯಾಯ ಸಂಹಿತೆ ನೋಡಿ ಬರೆದರು. ಐಪಿಸಿಯ 302 ಕೊಲೆಗೆ ಶಿಕ್ಷೆ ಹೇಳುತ್ತದೆ. ನ್ಯಾಯ ಸಂಹಿತೆಯ 302, ಇನ್ನೊಬ್ಬರ ಧಾರ್ಮಿಕ ಭಾವನೆಗೆ ನೋವುಂಟು ಮಾಡಬೇಕೆಂದೇ ಆಡುವ ಮಾತನ್ನು, ಮಾಡುವ ಸನ್ನೆಯನ್ನು ಅಪರಾಧವೆನ್ನುತ್ತದೆ. ಹಿಂದೆ ಐಪಿಸಿ 298ರಲ್ಲಿ ಇದ್ದದ್ದು ಅದು. ಅದರ ಗರಿಷ್ಠ ಶಿಕ್ಷೆ ಒಂದು ವರ್ಷ. ಹಳೆಯ 302ರ ಗರಿಷ್ಠ ಶಿಕ್ಷೆ ಮರಣದಂಡನೆ. ಯಾವ ಕಾಯ್ದೆ ಎಂಬ ಒಂದೇ ಪದ ಬಿಟ್ಟುಹೋಗಿದ್ದಕ್ಕೆ ಇಷ್ಟು ಅಂತರ.

ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಈ ಪುಟ ತೆರೆದವರು ಏನು ಮಾಡಬೇಕು? ಮೂರರಲ್ಲಿ ಯಾವುದು ಯಾರದ್ದೆಂದು ಪತ್ತೆ ಹಚ್ಚುವಷ್ಟು ಹೊತ್ತು ಅವರಿಗಿರುವುದಿಲ್ಲ. ಸಿನಿಮಾ, ಧಾರಾವಾಹಿಗಳಲ್ಲಿ ಕೇಳಿ ಕೇಳಿ ಕಿವಿಯಲ್ಲಿ ಕೂತಿರುವ 302 ಎಂಬ ಅಂಕಿಯನ್ನೇ ನಂಬುತ್ತಾರೆ. ಹೊಸ ಸಂಹಿತೆ ಪಠ್ಯವಾಗಿರುವ ಪತ್ರಿಕೆಯಲ್ಲಿ ಅದನ್ನೇ ಬರೆದು ಬರುತ್ತಾರೆ. ಬರೀ 302 ಎಂದು ಬರೆಯುವುದಕ್ಕಿಂತ ಏನನ್ನೂ ಬರೆಯದಿರುವುದು ವಾಸಿ ಎಂದು ನಾನು ಹೇಳುವುದು ಇದಕ್ಕೇ. ಜಾಗ ಖಾಲಿ ಇದ್ದರೆ ಓದುವವರು ಬೇರ್ ಆಕ್ಟ್ ತೆಗೆದು ನೋಡುತ್ತಾರೆ. ಅಂಕಿಯೊಂದು ಕಣ್ಣಿಗೆ ಬಿದ್ದರೆ ಆ ಕೆಲಸ ಮಾಡುವುದಿಲ್ಲ.

ಹೀಗಾಗಿ ನನ್ನ ಮೊದಲ ಕೋರಿಕೆ ಇದು. ಉಳಿದದ್ದನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಕಾಯ್ದೆಯ ಹೆಸರಿಲ್ಲದೆ ಯಾವ ಕಲಂ ಸಂಖ್ಯೆಯನ್ನೂ ಬರೆಯಬೇಡಿ. ಹೊಸದನ್ನು ಮೊದಲು ಬರೆಯಿರಿ, ಪಕ್ಕದಲ್ಲಿ ಹಳೆಯದು, ಅದರ ಮುಂದೆ ಏನು ಬದಲಾಗಿದೆ ಎಂಬುದು. ಕೊಲೆಯ ಪುಟವನ್ನು ಈ ರೀತಿ ತಿದ್ದಬೇಕೆಂದಿದ್ದೇನೆ:

ಕೊಲೆ, ವ್ಯಾಖ್ಯೆ: ನ್ಯಾಯ ಸಂಹಿತೆ 101. ಹಳೆಯದು ಐಪಿಸಿ 300. ನಾಲ್ಕು ಖಂಡಗಳಿಗೆ ಈಗ (a)ಯಿಂದ (d)ವರೆಗೆ ಗುರುತು. ಐದು ವಿನಾಯಿತಿಗಳು ಹಾಗೆಯೇ ಇವೆ.
ಶಿಕ್ಷೆ: ನ್ಯಾಯ ಸಂಹಿತೆ 103(1). ಹಳೆಯದು ಐಪಿಸಿ 302. ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ದಂಡ.
ಹೊಸದಾಗಿ ಬಂದದ್ದು: ನ್ಯಾಯ ಸಂಹಿತೆ 103(2). ಐದು ಅಥವಾ ಹೆಚ್ಚು ಜನ ಒಟ್ಟಾಗಿ ಜಾತಿ, ಸಮುದಾಯ, ಲಿಂಗ, ಭಾಷೆ, ನಂಬಿಕೆ ಮುಂತಾದ ಕಾರಣಕ್ಕೆ ಮಾಡುವ ಕೊಲೆ. ಐಪಿಸಿಯಲ್ಲಿ ಇದಕ್ಕೆ ಪ್ರತ್ಯೇಕ ಕಲಂ ಇರಲಿಲ್ಲ.
ಬರೆದವರು, ನೋಡಿ ಬರೆದ ಪುಸ್ತಕ, ತಾರೀಖು.

ಕೊನೆಯ ಸಾಲು ಹೆಸರು ಮೆರೆಸುವುದಕ್ಕಲ್ಲ. ಸಂಶಯ ಬಂದವರು ಯಾರನ್ನು ಕೇಳಬೇಕು, ಯಾವ ಪುಸ್ತಕ ತೆರೆಯಬೇಕು ಎಂದು ತಿಳಿಯಲಿ ಎಂಬುದಕ್ಕೆ. ‘ಗೈಡ್ ನೋಡಿ ಬರೆದಿದ್ದೇನೆ’ ಎಂದು ಬರೆಯಲು ಸಂಕೋಚ ಬೇಡ. ಹಾಗೆ ಬರೆದರೆ ಪರಿಶೀಲಿಸುವವರಿಗೆ ಮೊದಲು ಯಾವ ಪುಟ ನೋಡಬೇಕೆಂದು ಗೊತ್ತಾಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಇನ್ನೂ ಹಳೆಯ ಗೈಡುಗಳ ಪ್ರತಿಗಳು ಸಿಗುತ್ತವೆ. ಮುಖಪುಟ ಹೊಸದಾಗಿದ್ದು ಒಳಗೆ ಐಪಿಸಿಯ ಅಂಕಿಗಳೇ ಉಳಿದಿರುವುದನ್ನು ನಾನೇ ನೋಡಿದ್ದೇನೆ. ಕೈಯಲ್ಲಿರುವ ಪುಸ್ತಕ ಯಾವ ಕಾಲದ್ದು ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಐಪಿಸಿಯ ಕಲಂಗಳು 511ರವರೆಗೆ ಹೋಗುತ್ತವೆ, ನ್ಯಾಯ ಸಂಹಿತೆ 358ಕ್ಕೆ ಮುಗಿಯುತ್ತದೆ. ವಂಚನೆಯ ಪುಟದಲ್ಲಿ 420 ಎಂದಿದ್ದರೆ ಅದು ಹಳೆಯದೇ. ಹೊಸ ಸಂಹಿತೆಯಲ್ಲಿ 420 ಎಂಬ ಕಲಂ ಇಲ್ಲ. ಅಲ್ಲಿ ಇರಬೇಕಾದದ್ದು 318(4). 358ರ ಒಳಗಿನ ಅಂಕಿಗಳ ವಿಷಯದಲ್ಲಿ ಈ ಪರೀಕ್ಷೆ ಕೆಲಸ ಮಾಡುವುದಿಲ್ಲ. ಏಕೆಂದರೆ ಎರಡೂ ಕಾಯ್ದೆಗಳಲ್ಲಿ ಆ ಅಂಕಿಗಳಿವೆ, ಅರ್ಥ ಬೇರೆ. ಐಪಿಸಿ 304 ಕೊಲೆಯಲ್ಲದ ದಂಡನೀಯ ನರಹತ್ಯೆಗೆ ಶಿಕ್ಷೆ ಹೇಳುತ್ತಿತ್ತು, ಅದು ಈಗ ನ್ಯಾಯ ಸಂಹಿತೆ 105. ನ್ಯಾಯ ಸಂಹಿತೆಯ 304 ಹೇಳುವುದು ಕೈಯಿಂದ, ಕೊರಳಿಂದ ವಸ್ತು ಕಿತ್ತುಕೊಂಡು ಓಡುವುದನ್ನು. ನಾವು ಸರಗಳ್ಳತನ ಎನ್ನುವುದು ಹೆಚ್ಚುಕಡಿಮೆ ಅದೇ.

ಪ್ರಕ್ರಿಯಾ ಕಾನೂನಿನ ಭಾಗವನ್ನು ಇನ್ನೂ ಯಾರೂ ಬರೆಯಲು ಕೂತಿಲ್ಲ. ಕೂರುವವರಿಗೆ ಎರಡು ಗುಂಡಿಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಊರಲ್ಲಿ ಗಲಾಟೆಯಾದರೆ ‘144 ಹಾಕಿದ್ದಾರೆ’ ಎನ್ನುವುದು ನಮ್ಮ ಬಾಯಲ್ಲಿ ಬೆಳೆದ ಮಾತು. ಅದು ಸಿಆರ್‌ಪಿಸಿಯ 144. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ನಿಷೇಧಾಜ್ಞೆಯ ಅಧಿಕಾರ 163ರಲ್ಲಿದೆ. ಆ ಸಂಹಿತೆಯ 144ರಲ್ಲಿ ಇರುವುದು ಹೆಂಡತಿ, ಮಕ್ಕಳು ಮತ್ತು ತಂದೆತಾಯಿಗಳ ಜೀವನಾಂಶ. ಅಂದರೆ ಹಳೆಯ 125. ಇನ್ನೊಂದು 482. ಸಿಆರ್‌ಪಿಸಿಯಲ್ಲಿ ಅದು ಹೈಕೋರ್ಟಿನ ಅಂತರ್ಗತ ಅಧಿಕಾರ. ಎಫ್‌ಐಆರ್ ರದ್ದು ಕೋರಿ ಹೋಗುವವರೆಲ್ಲ ಹಿಡಿಯುತ್ತಿದ್ದ ದಾರಿ. ಅದೀಗ ಸುರಕ್ಷಾ ಸಂಹಿತೆಯ 528. ಹೊಸ 482 ನಿರೀಕ್ಷಣಾ ಜಾಮೀನಿನದ್ದು, ಹಳೆಯ 438. ವಕೀಲರ ಕಚೇರಿಯಲ್ಲಿ ಕೆಲಸ ಮಾಡುವ ನಮ್ಮವರು ‘482 ಹಾಕಿದೆವು’ ಎಂದು ಗ್ರೂಪಿನಲ್ಲಿ ಬರೆದರೆ ಯಾವ ಅರ್ಜಿ ಎಂದು ತಿಳಿಯಲು ಈಗ ಮರುಪ್ರಶ್ನೆ ಕೇಳಬೇಕಾಗಿದೆ. ಮಾತಿನಲ್ಲಿ ಹಾಗೆ ಕೇಳಬಹುದು, ನೋಟ್ಸ್ ಹತ್ತಿರ ಮರುಪ್ರಶ್ನೆ ಕೇಳಲು ಆಗದು.

ಹಾಗಿದ್ದರೆ ಹಳೆಯ ಅಂಕಿಗಳನ್ನೆಲ್ಲ ಅಳಿಸಿಬಿಡೋಣ ಎಂದು ಕೆಲವರು ಸೂಚಿಸಿದ್ದಾರೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಹಿಂದಿನ ತೀರ್ಪುಗಳೆಲ್ಲ ಹಳೆಯ ಅಂಕಿಯಲ್ಲೇ ಮಾತಾಡುತ್ತವೆ. 1958ರ ವಿರ್ಸಾ ಸಿಂಗ್ ಪ್ರಕರಣವನ್ನು ಓದಲು ಕೂತರೆ ಉದ್ದಕ್ಕೂ ಸಿಗುವುದು 300ರ ಮೂರನೆಯ ಖಂಡ. ಅದು ಇಂದಿನ 101(c) ಎಂದು ನೋಟ್ಸ್ ಹೇಳದಿದ್ದರೆ ತೀರ್ಪೂ ಕಾಯ್ದೆಯೂ ಒಂದಕ್ಕೊಂದು ಅಂಟುವುದಿಲ್ಲ. ಇನ್ನೂ ದೊಡ್ಡ ಕಾರಣ ಕಾಲದ್ದು. 2024ರ ಜುಲೈ 1ಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ನ್ಯಾಯ ಸಂಹಿತೆಯ 358ನೇ ಕಲಂ ಐಪಿಸಿಯನ್ನು ರದ್ದು ಮಾಡುತ್ತಲೇ ಹಿಂದಿನ ಹೊಣೆ, ಶಿಕ್ಷೆಗಳನ್ನು ಉಳಿಸುತ್ತದೆ. ಕೃತ್ಯ ನಡೆದಾಗ ಇದ್ದ ಕಾನೂನಿಗಿಂತ ಹೆಚ್ಚಿನ ಶಿಕ್ಷೆ ಕೂಡದು ಎಂದು ಸಂವಿಧಾನದ 20(1)ನೇ ಅನುಚ್ಛೇದವೂ ಹೇಳುತ್ತದೆ. ಸಮಸ್ಯೆ ರೂಪದ ಪ್ರಶ್ನೆಯಲ್ಲಿ ‘2024ರ ಮೇ ತಿಂಗಳಲ್ಲಿ ಅ ಎಂಬಾತನು ಬ ಎಂಬಾತನನ್ನು’ ಎಂದು ಶುರುವಾದರೆ ಆ ತಾರೀಖು ಸುಮ್ಮನೆ ಬಂದದ್ದಲ್ಲ. ಅಲ್ಲಿ 103 ಬರೆದರೆ ತಪ್ಪು, ಐಪಿಸಿ 302 ಬರೆದರೆ ಸರಿ. ಹಾಗಾಗಿ ಎರಡೂ ಅಂಕಿ ಇರಲಿ, ಎರಡಕ್ಕೂ ಹೆಸರಿರಲಿ.

ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಎಂಬ ಎರಡು ಕಾಲಂನ ಕೋಷ್ಟಕಗಳ ಪಿಡಿಎಫ್ ನಿಮ್ಮೆಲ್ಲರ ಫೋನಿನಲ್ಲೂ ಇದೆಯೆಂದು ಬಲ್ಲೆ. ನೋಟ್ಸ್‌ಗೆ ಮೊದಲು ಬಂದು ಬಿದ್ದದ್ದೂ ಅದೇ. ಉಪಯುಕ್ತ, ನಿಜ. ಆದರೆ ಎರಡು ಕಾಲಂ ಎಂದೊಡನೆ ಎಡದ್ದೂ ಬಲದ್ದೂ ಒಂದೇ ಎಂಬ ಭಾವನೆ ಬರುತ್ತದೆ. ಐಪಿಸಿ 303ರ ಎದುರು ನ್ಯಾಯ ಸಂಹಿತೆ 104 ಎಂದಿರುತ್ತದೆ. ಜೀವಾವಧಿ ಶಿಕ್ಷೆಯಲ್ಲಿರುವವನು ಕೊಲೆ ಮಾಡಿದರೆ ಮರಣದಂಡನೆಯೊಂದೇ ಶಿಕ್ಷೆ ಎಂದು ಹಳೆಯ 303 ಹೇಳುತ್ತಿತ್ತು. ಅದನ್ನು 1983ರ ಮಿಠ್ಠು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಸಾಂವಿಧಾನಿಕ ಎಂದು ರದ್ದುಪಡಿಸಿತು. ಹೊಸ 104ರಲ್ಲಿ ಮರಣದಂಡನೆಯ ಜೊತೆಗೆ ಬದುಕಿರುವಷ್ಟು ಕಾಲದ ಸೆರೆವಾಸವೂ ಆಯ್ಕೆಯಾಗಿದೆ. ಕೋಷ್ಟಕ ನೋಡಿ ‘104: ಕಡ್ಡಾಯ ಮರಣದಂಡನೆ’ ಎಂದು ಬರೆದರೆ ಅಂಕಿ ಸರಿಯಿದ್ದೂ ಕಾನೂನು ತಪ್ಪಿತು.

ನಿರ್ಲಕ್ಷ್ಯದಿಂದಾದ ಸಾವಿನದ್ದೂ ಹೀಗೆಯೇ. ಐಪಿಸಿ 304ಎ ಅಡಿ ಗರಿಷ್ಠ ಎರಡು ವರ್ಷ ಇತ್ತು. ನ್ಯಾಯ ಸಂಹಿತೆಯ 106(1)ರಲ್ಲಿ ಅದು ಐದು ವರ್ಷವಾಗಿದೆ. ನೋಂದಾಯಿತ ವೈದ್ಯರು ಚಿಕಿತ್ಸೆ ನೀಡುವಾಗ ಆದದ್ದಾದರೆ ಮಾತ್ರ ಎರಡು ವರ್ಷ. ಅದರ ಕೆಳಗೆ 106(2) ಎಂದು ಅಚ್ಚಾಗಿದೆ, ವಾಹನ ಗುದ್ದಿ ಪೊಲೀಸರಿಗೆ ತಿಳಿಸದೆ ಪರಾರಿಯಾದರೆ ಹತ್ತು ವರ್ಷದವರೆಗೆ ಎಂದು. ಲಾರಿ ಚಾಲಕರ ಮುಷ್ಕರ ನಡೆದದ್ದು ಇದರ ಬಗ್ಗೆಯೇ. 2024ರ ಫೆಬ್ರವರಿಯ ಅಧಿಸೂಚನೆಯಲ್ಲಿ ಸರ್ಕಾರ ಜುಲೈ 1ರಂದು ಸಂಹಿತೆ ಜಾರಿಯಾಗುವುದೆಂದು ಹೇಳುವಾಗ ಈ ಉಪಕಲಮನ್ನು ಹೊರಗಿಟ್ಟಿತು. ಬೇರ್ ಆಕ್ಟಿನಲ್ಲಿ ಇದ್ದ ಮಾತ್ರಕ್ಕೆ ಜಾರಿಯಾಗಿದೆ ಎಂದು ಬರೆಯುವಂತಿಲ್ಲ. ಅಡಿಟಿಪ್ಪಣಿಯವರೆಗೂ ಓದಿ.

ರಾಜದ್ರೋಹದ 124ಎ ಎದುರು 152 ಎಂದು ಹಾಕುವುದಂತೂ ಅರ್ಧ ಸತ್ಯ. ಹೊಸ ಕಲಂನಲ್ಲಿ ಸರ್ಕಾರದ ಮೇಲೆ ದ್ವೇಷ, ಅಪ್ರೀತಿ ಹುಟ್ಟಿಸುವ ಮಾತಿಲ್ಲ. ಅದು ದೇಶದ ಸಾರ್ವಭೌಮತೆ, ಏಕತೆ ಮತ್ತು ಅಖಂಡತೆಗೆ ಅಪಾಯ ತರುವ ಕೃತ್ಯಗಳ ಬಗ್ಗೆ ಮಾತಾಡುತ್ತದೆ. ಎರಡೂ ಒಂದೇ ಹೌದೋ ಅಲ್ಲವೋ ಎಂಬುದೇ ಪರೀಕ್ಷೆಯ ಪ್ರಶ್ನೆಯಾಗಬಹುದು. ಕೋಷ್ಟಕಕ್ಕೆ ‘ಏನು ಬದಲಾಯಿತು’ ಎಂಬ ಮೂರನೆಯ ಕಾಲಂ ಸೇರಿಸಿದ್ದೇನೆ. ಈಗ ಅದು ಬಹುಪಾಲು ಖಾಲಿ ಇದೆ. ನಿಮ್ಮ ಕೈ ಅಲ್ಲಿಗೆ ಬೀಳಲಿ. ಹೊಸ ವಿಷಯ ಸೇರಿಸುವುದಕ್ಕಿಂತ ಆ ಕಾಲಂನ ಒಂದು ಚೌಕ ತುಂಬಿದರೆ ಹೆಚ್ಚು ಉಪಕಾರ.

ತೀರ್ಪುಗಳ ಬಗ್ಗೆ ಒಂದು ಮಾತು. ಕಡೇಪಕ್ಷ ಸಾರಾಂಶವನ್ನಾದರೂ ಸ್ವತಃ ಓದಿರದ ಪ್ರಕರಣವನ್ನು ಸೇರಿಸಬೇಡಿ. ನಾನಾವತಿ ಪ್ರಕರಣವನ್ನೇ ನೋಡಿ. ನಮ್ಮ ನೋಟ್ಸ್‌ನಲ್ಲಿ ಅದರ ಮುಂದೆ ‘ಹಠಾತ್ ಪ್ರಚೋದನೆ, ಬಿಡುಗಡೆ’ ಎಂದು ಮೂರೇ ಪದವಿತ್ತು. ಆ ಕಥೆಯನ್ನು ತೆರೆಯ ಮೇಲೆ ನೋಡಿದವರ ನೆನಪು ಅದು. ಜ್ಯೂರಿ ಬಿಡುಗಡೆಯ ಪರ ನಿಂತದ್ದು ನಿಜ. ಆದರೆ ಬಾಂಬೆ ಹೈಕೋರ್ಟ್ ಅದನ್ನು ಒಪ್ಪದೆ ಕೊಲೆಯೆಂದು ತೀರ್ಮಾನಿಸಿ ಜೀವಾವಧಿ ಶಿಕ್ಷೆ ವಿಧಿಸಿತು. ಸುಪ್ರೀಂ ಕೋರ್ಟ್ 1961ರ ನವೆಂಬರಿನಲ್ಲಿ ಆ ಜೀವಾವಧಿಯನ್ನು ಎತ್ತಿಹಿಡಿಯಿತು. ಹೆಂಡತಿ ಅಹುಜನ ಜೊತೆಗಿನ ಸಂಬಂಧದ ವಿಷಯ ಹೇಳಿದ ಮೇಲೆ ನಾನಾವತಿ ಮನೆಯವರನ್ನು ಸಿನಿಮಾಗೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತೆಗೆದುಕೊಂಡು, ಅಹುಜನ ಮನೆಗೆ ಹೋಗುವಷ್ಟರಲ್ಲಿ ಮನಸ್ಸು ಹತೋಟಿಗೆ ಬರಲು ಸಾಕಷ್ಟು ಸಮಯವಿತ್ತು ಎಂಬುದು ನ್ಯಾಯಾಲಯದ ಕಾರಣ. ಅಂದರೆ ಪ್ರಚೋದನೆಯ ವಿನಾಯಿತಿ ಸಿಗಲಿಲ್ಲ ಎಂದು ತೋರಿಸಲು ಈ ತೀರ್ಪನ್ನು ಬಳಸಬೇಕು. ನಮ್ಮ ನೋಟ್ಸ್ ಅದನ್ನು ತಲೆಕೆಳಗು ಮಾಡಿ ಇಟ್ಟಿತ್ತು. ಯಾರು ಯಾರ ಮೇಲೆ, ಯಾವ ನ್ಯಾಯಾಲಯ, ಯಾವ ವರ್ಷ, ಪ್ರಶ್ನೆ ಏನಿತ್ತು, ಉತ್ತರ ಏನು ಬಂತು, ಹೊಸ ಸಂಹಿತೆಯ ಯಾವ ಕಲಂಗೆ ಸೇರುತ್ತದೆ ಎಂಬಿಷ್ಟನ್ನು ಐದಾರು ಸಾಲಿನಲ್ಲಿ ಬರೆಯಿರಿ. ಪ್ರಕರಣದ ಬರೀ ಹೆಸರು ಯಾರ ಉಪಯೋಗಕ್ಕೂ ಬಾರದು.

ಗೈಡಿನ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಗೆಯೇ ಸೇರಿಸುವುದನ್ನೂ ನಿಲ್ಲಿಸೋಣ. ಕೃತಿಸ್ವಾಮ್ಯ ಕಾಯ್ದೆಯ 52(1)(q) ಕಾಯ್ದೆಗಳ ಮೂಲಪಾಠವನ್ನು ನಮ್ಮದೇ ವಿವರಣೆಯ ಜೊತೆ ಬಳಸಲು ಬಿಡುತ್ತದೆ. ಲೇಖಕರು ಬರೆದ ವ್ಯಾಖ್ಯಾನಕ್ಕೆ ಆ ರಿಯಾಯಿತಿ ಇಲ್ಲ. ಕಾನೂನು ಓದುವವರೇ ಇದನ್ನು ಮೀರುವುದು ಚೆನ್ನಾಗಿ ಕಾಣುವುದಿಲ್ಲ. ಕಾನೂನನ್ನು ಬದಿಗಿಟ್ಟರೂ ಚಿತ್ರವಾಗಿ ಅಂಟಿಸಿದ ಪುಟದೊಳಗೆ ಹುಡುಕಲು ಆಗುವುದಿಲ್ಲ. ಕೊನೆಯ ರಾತ್ರಿ ನಾವೆಲ್ಲ ಮಾಡುವುದು ಹುಡುಕಾಟವೇ ತಾನೆ.

ಹುಡುಕಾಟದ ಮಾತು ಬಂದದ್ದರಿಂದ ಟೈಪ್ ಮಾಡುವ ಬಗ್ಗೆ ಸ್ವಲ್ಪ. ಕೆಲವರು ೩೦೨ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದೀರಿ. ನೋಡಲು ಚೆಂದವೇ. ಆದರೆ 302 ಎಂದು ಹುಡುಕುವವರಿಗೆ ಅದು ಸಿಗುವುದಿಲ್ಲ. ಬೇರ್ ಆಕ್ಟಿನಲ್ಲಿರುವ 1, 2, 3 ರೂಪವನ್ನೇ ಎಲ್ಲರೂ ಬಳಸೋಣ. ‘ಸೆಕ್ಷನ್’ ಎನ್ನಬೇಕೋ ‘ಕಲಂ’ ಎನ್ನಬೇಕೋ ಎಂಬ ಜಗಳವನ್ನು ಇಲ್ಲಿಗೆ ಮುಗಿಸೋಣ, ಕಲಂ ಎಂದಿರಲಿ. ಹಳೆಯ ನುಡಿ ಅಥವಾ ಬರಹ ಫಾಂಟಿನ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಅಂಟಿಸಿದ ಕಡೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ ಬೀಳುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೂ ಅರ್ಕಾವೊತ್ತು, ಅಂಕಿ, ಆವರಣ ಚಿಹ್ನೆಗಳು ಜಾಗ ತಪ್ಪುತ್ತವೆ, ಒಮ್ಮೆ ಕಣ್ಣಾಡಿಸಿ. 103(1) ಹೋಗಿ 1031 ಆಗಿರುವುದನ್ನು ಯಾವ ಯಂತ್ರವೂ ತಪ್ಪೆಂದು ತೋರಿಸುವುದಿಲ್ಲ.

ಇನ್ನು ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುವ ವಿಚಾರ. ತಪ್ಪು ಕಂಡರೆ ಅಳಿಸಬೇಡಿ. ಕಂಪ್ಯೂಟರಿನಲ್ಲಿ ಬಲಗಡೆ ಮೇಲಿರುವ ಪೆನ್ಸಿಲ್ ಗುರುತನ್ನು ಒತ್ತಿ Suggesting ಆಯ್ಕೆ ಮಾಡಿಕೊಳ್ಳಿ. ಫೋನಿನಲ್ಲಾದರೆ ಮೂರು ಚುಕ್ಕಿಯ ಮೆನುವಿನಲ್ಲಿ Suggest changes ಎಂದಿದೆ. ಆಗ ನೀವು ಬರೆದದ್ದು ಬೇರೆ ಬಣ್ಣದಲ್ಲಿ ಕಾಣುತ್ತದೆ, ಹಳೆಯ ಸಾಲಿನ ಮೇಲೆ ಗೆರೆ ಎಳೆದಿರುತ್ತದೆ, ಆದರೆ ಅಳಿಯುವುದಿಲ್ಲ. ಮೂಲ ಬರೆದವರು ನೋಡಿ ಒಪ್ಪುತ್ತಾರೆ. ಕೊಲೆಯ ಪುಟದಲ್ಲಿ ಮೂವರೂ ಹೀಗೆ ಮಾಡಿದ್ದರೆ ಎರಡನೆಯವರ ತಿದ್ದುಪಡಿಯ ಪಕ್ಕದಲ್ಲೇ ‘ನನ್ನದು ಐಪಿಸಿಯದ್ದು’ ಎಂದು ಮೊದಲಿನವರು ಉತ್ತರಿಸುತ್ತಿದ್ದರು. ಗೊಂದಲ ಅಲ್ಲಿಗೇ ತೀರುತ್ತಿತ್ತು.

ಆದರೂ ಬಸ್ಸಿನಲ್ಲಿ ನಿಂತು ಫೋನ್ ಹಿಡಿದಾಗ ಕೈತಪ್ಪಿ ಇಡೀ ಅಧ್ಯಾಯ ಮಾಯವಾಗುವುದುಂಟು. ಗಾಬರಿ ಬೇಡ. ಅಳಿಸಿದ್ದು ನೀವೇ ಆದರೆ ತಕ್ಷಣ ಅನ್‌ಡೂ ಒತ್ತಿ, ಅದು ನಿಮ್ಮ ಬದಲಾವಣೆಯನ್ನಷ್ಟೇ ಹಿಂದಕ್ಕೆ ತರುತ್ತದೆ. ಬೇರೆಯವರದ್ದಾದರೆ ಕಂಪ್ಯೂಟರಿನಲ್ಲಿ Version history ತೆರೆಯಬೇಕು. ಇಲ್ಲೊಂದು ಎಚ್ಚರ. ನಿನ್ನೆಯ ಪ್ರತಿಯನ್ನು ಕಂಡೊಡನೆ Restore ಒತ್ತಬೇಡಿ. ಹಾಗೆ ಮಾಡಿದರೆ ಕಳೆದುಹೋದ ಅಧ್ಯಾಯ ಮರಳುತ್ತದೆ ನಿಜ. ಆದರೆ ಅದರ ನಂತರ ಉಳಿದವರೆಲ್ಲ ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆದದ್ದು ಕಾಣದಾಗುತ್ತದೆ. ಹಳೆಯ ಪ್ರತಿಯಿಂದ ಬೇಕಾದ ಭಾಗವನ್ನಷ್ಟೇ ಕಾಪಿ ಮಾಡಿ ಈಗಿನ ಪ್ರತಿಯಲ್ಲಿ ಅಂಟಿಸುವುದು ಸರಿಯಾದ ದಾರಿ. ಅಭ್ಯಾಸವಿಲ್ಲದವರು ನನಗೆ ತಿಳಿಸಿ, ಮಾಡಿಕೊಡುತ್ತೇನೆ.

ಎಲ್ಲಕ್ಕಿಂತ ಕಷ್ಟದ ಕೋರಿಕೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಪರೀಕ್ಷೆಗೆ ಎರಡು ದಿನ ಮೊದಲು, ರಾತ್ರಿ ಒಂಬತ್ತಕ್ಕೆ, ನೋಟ್ಸ್‌ಗೆ ಬೀಗ ಹಾಕುತ್ತೇನೆ. ಆಮೇಲೆ ಎಲ್ಲರೂ ಓದಬಹುದು, ಕಮೆಂಟ್ ಹಾಕಬಹುದು, ಬರೆಯಲಾಗದು. ಇದನ್ನು ಕೇಳಿ ಮುನಿಸಿಕೊಂಡವರಿದ್ದಾರೆ. ‘ಕೊನೆಯ ದಿನವೇ ನನಗೆ ಪುರಸೊತ್ತು’ ಎಂದು ಒಬ್ಬ ಹಿರಿಯರು ಹೇಳಿದರು. ಅವರ ಮಾತನ್ನು ತಳ್ಳಿಹಾಕಲಾರೆ, ಅವರ ರಜೆ ಆಗಲೇ ಸಿಗುವುದು. ಆದರೆ ಕೊನೆಯ ದಿನ ಸೇರಿದ್ದನ್ನು ಪರಿಶೀಲಿಸಲು ಯಾರಿಗೂ ಹೊತ್ತಿರುವುದಿಲ್ಲ, ಓದುವವರು ಮಾತ್ರ ಅಂದೇ ಅತಿ ಹೆಚ್ಚು. ತಪ್ಪು ಹರಡಲು ಅದಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ. ಕಳೆದ ಸೆಮಿಸ್ಟರಿನಲ್ಲಿ ಪರೀಕ್ಷಾ ಕೊಠಡಿಯ ಹೊರಗೆ ಇಬ್ಬರು ಒಂದೇ ನೋಟ್ಸ್‌ನ ಎರಡು ಜೆರಾಕ್ಸ್ ಹಿಡಿದು ವಾದ ಮಾಡುತ್ತಿದ್ದುದನ್ನು ಕಂಡೆ. ಒಬ್ಬರದು ಶುಕ್ರವಾರದ ಪ್ರತಿ, ಇನ್ನೊಬ್ಬರದು ಭಾನುವಾರದ್ದು. ನಡುವೆ ಯಾರೋ ತಿದ್ದಿದ್ದರು. ಬೆಲ್ ಹೊಡೆಯಲು ಹತ್ತು ನಿಮಿಷವಿತ್ತು, ಇಬ್ಬರ ಮುಖದಲ್ಲೂ ಬಣ್ಣವಿರಲಿಲ್ಲ.

ನಮ್ಮಲ್ಲಿ ಪರದೆಯ ಮೇಲೆ ಓದುವವರಿಗಿಂತ ಪ್ರಿಂಟ್ ತೆಗೆಸಿ ಗೆರೆ ಎಳೆದು ಓದುವವರೇ ಹೆಚ್ಚು. ಪರದೆಯಲ್ಲಿ ತಿದ್ದಿದ್ದು ಕಾಗದಕ್ಕೆ ತಲುಪುವುದಿಲ್ಲ. ಆದ್ದರಿಂದ ಬೀಗ ಹಾಕಿದ ಮೇಲೆ ಸಿಕ್ಕ ತಪ್ಪುಗಳನ್ನು ಒಳಗೆ ತಿದ್ದದೆ, ಮೊದಲ ಪುಟದಲ್ಲಿ ‘ತಿದ್ದುಪಡಿ ಪಟ್ಟಿ’ ಎಂದು ಬರೆಯುತ್ತೇವೆ. ಯಾವ ಅಧ್ಯಾಯ, ಯಾವ ಸಾಲು, ಏನಿದೆ, ಏನಿರಬೇಕು, ಬೇರ್ ಆಕ್ಟಿನ ಯಾವ ಕಲಂ ನೋಡಿ ಹೇಳುತ್ತಿರುವುದು. ಆ ಒಂದು ಪುಟವನ್ನು ಗ್ರೂಪಿಗೂ ಹಾಕುತ್ತೇವೆ. ಪ್ರಿಂಟ್ ತೆಗೆಸಿದವರು ಪೆನ್ನಿನಲ್ಲಿ ತಿದ್ದಿಕೊಳ್ಳಬಹುದು. ಪ್ರತಿಯ ತಾರೀಖನ್ನು ಪ್ರತಿ ಪುಟದ ತಲೆಯಲ್ಲಿ ಹಾಕಿರುತ್ತೇನೆ. ಜೆರಾಕ್ಸ್ ಅಂಗಡಿಗೆ ಹೋಗುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳಿ.

‘ಇಂಪಾರ್ಟೆಂಟ್ ಪ್ರಶ್ನೆ’ಗಳ ಗಾಳಿಸುದ್ದಿಗೆ ಈ ನೋಟ್ಸ್‌ನಲ್ಲಿ ಜಾಗವಿಲ್ಲ, ಅದಕ್ಕೆ ಗ್ರೂಪ್ ಇದ್ದೇ ಇದೆ. ಹಾಲ್ ಟಿಕೆಟ್, ಫೋನ್ ನಂಬರ್‌ಗಳನ್ನೂ ಹಾಕಬೇಡಿ, ಲಿಂಕ್ ನಮ್ಮ ತರಗತಿಯಾಚೆಗೂ ಹೋಗಿರುತ್ತದೆ. ಬರೆಯದೆ ಬರೀ ಓದುವವರ ಬಗ್ಗೆ ಕೆಲವರಿಗೆ ಅಸಮಾಧಾನವಿದೆ. ನನಗಿಲ್ಲ. ಓದುವಾಗ ಒಂದು ಅಂಕಿಯ ಮೇಲೆ ಅನುಮಾನ ಬಂದು ಕಮೆಂಟ್ ಹಾಕಿದರೂ ಅವರ ಪಾಲು ಸಂದಂತೆಯೇ.

ಈಗ ಆಗಬೇಕಾದದ್ದು ಇಷ್ಟು. ಬರುವ ಭಾನುವಾರ ಸಂಜೆಯೊಳಗೆ ಒಂದೊಂದು ಅಧ್ಯಾಯದ ಮುಂದೆ ಇಬ್ಬರ ಹೆಸರು ಬರಬೇಕು, ಒಬ್ಬರು ಬರೆಯಲು, ಇನ್ನೊಬ್ಬರು ಬೇರ್ ಆಕ್ಟ್ ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಪರಿಶೀಲಿಸಲು. ಬರೆದವರೇ ಪರಿಶೀಲಿಸುವುದು ಬೇಡ, ತಾವು ಬರೆದ ತಪ್ಪು ತಮ್ಮ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಕೊಲೆಯ ಅಧ್ಯಾಯ ಬರೆಯುವುದು ನನಗಿರಲಿ. ಅದನ್ನು ಪರಿಶೀಲಿಸಲು, ಆ ಪುಟದಲ್ಲಿ ಈಗಾಗಲೇ ಬರೆದಿರುವ ಮೂವರಲ್ಲಿ ಒಬ್ಬರು ಮುಂದೆ ಬಂದರೆ ಸಂತೋಷ. ಸುರಕ್ಷಾ ಸಂಹಿತೆಯ ಜಾಮೀನು ಮತ್ತು ಜೀವನಾಂಶದ ಭಾಗಗಳಿಗೆ ಇನ್ನೂ ಯಾರ ಹೆಸರೂ ಇಲ್ಲ. ಕೋರ್ಟಿನಲ್ಲಿ ಕೆಲಸ ಮಾಡುವವರು ದಯವಿಟ್ಟು ಅವನ್ನು ವಹಿಸಿಕೊಳ್ಳಿ.

ಇತಿ ನಿಮ್ಮ ವಿಶ್ವಾಸಿ,
ತರಗತಿ ಪ್ರತಿನಿಧಿ
ಸಂಜೆ ಕಾನೂನು ತರಗತಿ